ಪುಟ್ಟ ಮಗುವಿಗೆ ಭೇದಿ, ಕೈಯಲ್ಲಿ ಓಆರ್‌ಎಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುವಾಗ ಅಪ್ಪ ಅಮ್ಮಂದಿರು, ಅಜ್ಜಿಯರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಅವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಉತ್ತರಗಳು 1ರಿಂದ 3 ವರ್ಷದ, ಬೇರೆ ಕಾಯಿಲೆ ಇಲ್ಲದ ಮಕ್ಕಳಿಗೆ. 6 ತಿಂಗಳೊಳಗಿನ ಕೂಸು, ತೂಕ ತೀರಾ ಕಡಿಮೆ ಇರುವ ಮಗು, ಹೃದಯದ ಅಥವಾ ಕಿಡ್ನಿಯ ತೊಂದರೆ ಇರುವ ಮಗುವಿಗೆ ಭೇದಿ ಶುರುವಾದರೆ ಈ ಲೆಕ್ಕಗಳನ್ನು ನಂಬಿ ಮನೆಯಲ್ಲಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮಗು ಈಗಲೇ ಮಂಕಾಗಿ ಬಿದ್ದಿದ್ದರೆ ಇದನ್ನು ಓದುತ್ತಾ ಇರಬೇಡಿ, ಹೊರಡಿ.

## ಮೊದಲ ಪ್ರಶ್ನೆಗಳು

ದಿನಕ್ಕೆ ಎಷ್ಟು ಸಲ ಹೋದರೆ ಭೇದಿ ಅಂತ ಅಂದ್ಕೋಬೇಕು?

24 ಗಂಟೆಯಲ್ಲಿ 3 ಸಲ ಅಥವಾ ಜಾಸ್ತಿ, ನೀರು ನೀರಾಗಿ ಹೋದರೆ ಭೇದಿ. ಗಟ್ಟಿಯಾಗಿ 4 ಸಲ ಹೋದರೂ ಅದು ಭೇದಿ ಅಲ್ಲ. ನಿಮ್ಮ ಮಗುವಿಗೆ ಯಾವುದು ಮಾಮೂಲಿ ಅನ್ನೋದು ನಿಮಗೇ ಗೊತ್ತು. ಅದಕ್ಕಿಂತ ತೆಳ್ಳಗೆ, ಅದಕ್ಕಿಂತ ಜಾಸ್ತಿ ಸಲ ಆಗ್ತಿದ್ದರೆ ಓಆರ್‌ಎಸ್ ಶುರು ಮಾಡಿ. ಮೂರನೇ ಸಲ ಆಗಲಿ ಅಂತ ಕಾಯಬೇಕಿಲ್ಲ.

ಬೆಳಗ್ಗೆಯಿಂದ ಓಆರ್‌ಎಸ್ ಕೊಡ್ತಾನೇ ಇದ್ದೀನಿ, ಭೇದಿ ನಿಂತಿಲ್ಲ. ಇದು ಕೆಲಸ ಮಾಡ್ತಿಲ್ವಾ ಸಿಸ್ಟರ್?

ಮಾಡ್ತಿದೆ. ಆದರೆ ನೀವು ಅಂದುಕೊಂಡ ಕೆಲಸವನ್ನಲ್ಲ. ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧಿ ಅಲ್ಲ. ಭೇದಿಯಲ್ಲಿ ಹೋದ ನೀರನ್ನೂ ಉಪ್ಪನ್ನೂ ವಾಪಸ್ ತುಂಬುವುದಷ್ಟೇ ಅದರ ಕೆಲಸ. ಮಕ್ಕಳ ಭೇದಿ ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ, ಅದು ತನ್ನ ದಿನ ಮುಗಿಸಿಕೊಂಡು ಹೋಗುತ್ತದೆ. ಸಾಮಾನ್ಯವಾಗಿ ವಾಂತಿ ಒಂದೆರಡು ದಿನ, ಭೇದಿ 5ರಿಂದ 7 ದಿನ. ಅಷ್ಟು ದಿನ ಮಗು ಒಣಗದಂತೆ ನೋಡಿಕೊಂಡರೆ ಗೆದ್ದಂತೆ.

ಹಾಗಾಗಿ ಡಯಾಪರ್ ಎಣಿಸಿ ಓಆರ್‌ಎಸ್‌ಗೆ ಮಾರ್ಕ್ಸ್ ಕೊಡಬೇಡಿ. ಮಗು ಮೂತ್ರ ಮಾಡ್ತಿದೆಯಾ, ಕಣ್ಣು ಹೇಗಿದೆ, ಆಟಿಕೆ ಕೊಟ್ಟರೆ ಕೈ ಚಾಚುತ್ತದಾ ಅಂತ ನೋಡಿ. ಇವು ಚೆನ್ನಾಗಿದ್ದರೆ ಭೇದಿ ಆಗ್ತಿದ್ದರೂ ಓಆರ್‌ಎಸ್ ಗೆಲ್ತಾ ಇದೆ. ನಾನು ನೋಡಿದ ತಪ್ಪುಗಳಲ್ಲಿ ದೊಡ್ಡದು ಇದೇ: ನಿಲ್ಲಲಿಲ್ಲ ಅಂತ ಮಧ್ಯಾಹ್ನದ ಹೊತ್ತಿಗೆ ಓಆರ್‌ಎಸ್ ಬಿಟ್ಟುಬಿಡುತ್ತಾರೆ, ರಾತ್ರಿ ಮಗುವನ್ನು ಎತ್ತಿಕೊಂಡು ಓಡಿ ಬರುತ್ತಾರೆ.

ಬರೀ ನೀರು ಕೊಟ್ಟರೆ ಸಾಲದಾ? ಅದಕ್ಕೆ ಉಪ್ಪು, ಸಕ್ಕರೆ ಯಾಕೆ?

ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ ಅಂದುಕೊಳ್ಳಿ. ಅದು ಒಬ್ಬರಿಗೇ ತೆರೆಯಲ್ಲ, ಜೋಡಿಗೆ ಮಾತ್ರ ತೆರೆಯುತ್ತದೆ. ಆ ಜೋಡಿ ಗ್ಲೂಕೋಸ್ ಮತ್ತು ಸೋಡಿಯಂ, ಅಂದರೆ ಸಕ್ಕರೆ ಮತ್ತು ಉಪ್ಪು. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋಗುತ್ತಾರೆ, ನೀರು ಅವರ ಹಿಂದೆಯೇ ಹೋಗುತ್ತದೆ. ಭೇದಿಯಲ್ಲಿ ಕರುಳು ಎಷ್ಟೇ ಕೆಟ್ಟಿದ್ದರೂ ಈ ಬಾಗಿಲು ಹೆಚ್ಚಿನಂಶ ಕೆಲಸ ಮಾಡ್ತಾ ಇರುತ್ತದೆ. ಬರೀ ನೀರು ಕುಡಿಸಿದರೆ ಈ ದಾರಿ ತೆರೆಯಲ್ಲ, ಕಳೆದುಹೋದ ಉಪ್ಪೂ ವಾಪಸ್ ಬರಲ್ಲ. ರಕ್ತದಲ್ಲಿ ಸೋಡಿಯಂ ಇಳಿದು ಮಗು ಇನ್ನಷ್ಟು ಸುಸ್ತಾಗಬಹುದು.

ಸಕ್ಕರೆ ರುಚಿಗಲ್ಲ ಅನ್ನೋದು ಇದಕ್ಕೇ. ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದಾಗುತ್ತದೆ ಅನ್ನೋದೂ ಸುಳ್ಳು. ಒಳಗೆ ಹೋಗಲಾರದೆ ಉಳಿದ ಸಕ್ಕರೆ ಕರುಳಿನಲ್ಲೇ ಕೂತು ದೇಹದ ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಆಗ ಭೇದಿ ಜಾಸ್ತಿಯೇ ಆಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರ ಬಳಿ ಡ್ರಿಪ್ ಬಾಟಲಿಗಳು ಸಾಲದಾದವು. ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಹತ್ತಿರ ಇದ್ದ ಸಾವು ಶೇ. 4ಕ್ಕಿಂತ ಕೆಳಗೆ ಬಂತು. ಕುಡಿಸಿದವರು ಡಾಕ್ಟರುಗಳಲ್ಲ, ಅಮ್ಮಂದಿರು, ಅಣ್ಣತಮ್ಮಂದಿರು. ನೀವೂ ಮಾಡಬಲ್ಲಿರಿ ಅಂತ ನಾನು ಧೈರ್ಯವಾಗಿ ಹೇಳೋದು ಅದಕ್ಕೆ.

## ಕಲಸುವುದು

ಒಂದು ಲೀಟರ್ ಕುಡಿಯೋದೇ ಇಲ್ಲ ಮಗು. ಒಂದು ಲೋಟಕ್ಕೆ ಸ್ವಲ್ಪ ಪುಡಿ ಹಾಕಿಕೊಂಡರೆ ಆಗಲ್ವಾ?

ಆಗಲ್ಲ. ಪ್ಯಾಕೆಟ್ ಒಡೆದ ಮೇಲೆ ಪುಡಿ ಪೂರ್ತಿ ಹಾಕಬೇಕು, ನೀರೂ ಅದರ ಮೇಲೆ ಬರೆದಷ್ಟೇ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪುಡಿ ಒಂದು ಲೀಟರಿಗೆ 20.5 ಗ್ರಾಂ. ಅದರಲ್ಲಿ ನಾಲ್ಕು ವಸ್ತುಗಳಿವೆ: ಗ್ಲೂಕೋಸ್, ಅಡುಗೆ ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್, ಸಿಟ್ರೇಟ್. ಚಮಚದಲ್ಲಿ ತೆಗೆದಾಗ ಯಾವುದು ಎಷ್ಟು ಬಂತು ಅಂತ ಯಾರಿಗೂ ಗೊತ್ತಾಗಲ್ಲ. 200 ಮಿಲಿಗೆ ಅಂತಲೇ ಬರುವ ಚಿಕ್ಕ ಪ್ಯಾಕೆಟ್ ಇದೆ, ಮಗುವಿಗೆ ಅದು ಸಲೀಸು.

ನಿಜವಾದ ಅಪಾಯ ಇರುವುದು ಈ ಎರಡು ಪ್ಯಾಕೆಟ್‌ಗಳ ಗೊಂದಲದಲ್ಲಿ. ಲೀಟರ್ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಐದು ಪಟ್ಟು ಆಗುತ್ತದೆ. ಮಗು ಇನ್ನೂ ಇನ್ನೂ ನೀರು ಕೇಳುತ್ತದೆ, ಸುಮ್ಮನೆ ಸಿಡಿಮಿಡಿ ಮಾಡುತ್ತದೆ, ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಕೂಡ ಬರಬಹುದು. ಹಾಗೆ ಕಲಸಿ ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ. ಮಗುವನ್ನು ಕರೆದುಕೊಂಡು ಹೋಗಿ, ಹೇಗೆ ಕಲಸಿದ್ದು, ಎಷ್ಟು ಕುಡಿಸಿದ್ದು ಅಂತ ಡಾಕ್ಟರಿಗೆ ಹೇಳಿ.

ಕಲಸುವ ರೀತಿ ಸುಲಭ. ಕೈ ತೊಳೆದುಕೊಳ್ಳಿ. ಕುದಿಸಿ ಆರಿಸಿದ ನೀರನ್ನು ಅಳತೆ ಗೊತ್ತಿರುವ ಬಾಟಲಿಯಲ್ಲಿ ತೆಗೆದುಕೊಳ್ಳಿ. ಪುಡಿ ಪೂರ್ತಿ ಸುರಿದು, ಕರಗುವ ತನಕ ಕಲಕಿ. ಕಲಸಿದ ಮೇಲೆ ಕುದಿಸಬೇಡಿ. ಹಾಲು, ಜ್ಯೂಸ್, ಇನ್ನೊಂದು ಚಮಚ ಸಕ್ಕರೆ, ಏನೂ ಬೇಡ. ಮುಚ್ಚಿಡಿ, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಬಾಟಲಿ ಮೇಲೆ ಕಲಸಿದ ಹೊತ್ತು ಬರೆದಿಟ್ಟರೆ ರಾತ್ರಿ ಎದ್ದವರಿಗೆ ಗೊಂದಲ ಆಗಲ್ಲ. ಸರಿಯಾಗಿ ಕಲಸಿದ ಓಆರ್‌ಎಸ್ ಕಣ್ಣೀರಿನಷ್ಟೇ ಉಪ್ಪಾಗಿರುತ್ತದೆ. ಅದಕ್ಕಿಂತ ಉಪ್ಪು ಅನ್ನಿಸಿದರೆ ಅದನ್ನು ಮಗುವಿಗೆ ಕೊಡಬೇಡಿ.

ರಾತ್ರಿ ಎರಡು ಗಂಟೆ, ಪ್ಯಾಕೆಟ್ ಸಿಗಲ್ಲ. ಮನೆಯಲ್ಲೇ ಮಾಡಬಹುದಾ?

ಬೆಳಗಿನ ತನಕ ದಾಟಿಸೋಕೆ ಮಾಡಬಹುದು. ಕುದಿಸಿ ಆರಿಸಿದ 1 ಲೀಟರ್ ನೀರು, ಸಮತಟ್ಟಾದ 6 ಟೀ ಚಮಚ ಸಕ್ಕರೆ, ಸಮತಟ್ಟಾದ ಅರ್ಧ ಟೀ ಚಮಚ ಉಪ್ಪು. ಟೀ ಚಮಚ ಅಂದರೆ 5 ಮಿಲಿಯದು. ಚಮಚದ ಮೇಲೆ ಗುಡ್ಡೆ ಮಾಡಬೇಡಿ, ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿ. ಉಪ್ಪನ್ನು ಕೈಯಂದಾಜಿನಲ್ಲಿ ಹಾಕುವ ಅಭ್ಯಾಸ ಅಡುಗೆಗೆ ಸರಿ, ಇಲ್ಲಿ ಬೇಡ. ಉಪ್ಪು ಹೆಚ್ಚಾಯಿತೇನೋ ಅಂತ ಸಂಶಯ ಬಂದರೆ ಚೆಲ್ಲಿ ಹೊಸದಾಗಿ ಮಾಡಿ. ಇದರಲ್ಲಿ ಪೊಟ್ಯಾಸಿಯಂ ಇರಲ್ಲ, ಹಾಗಾಗಿ ಪ್ಯಾಕೆಟ್ ಸಿಕ್ಕ ಕೂಡಲೇ ಅದಕ್ಕೆ ಬದಲಾಯಿಸಿ.

ಜ್ಯೂಸ್ ಥರದ ಡಬ್ಬಿ ಮೇಲೂ ಓಆರ್‌ಎಸ್ ಥರದ್ದೇ ಹೆಸರಿದೆ. ಮಗು ಅದನ್ನ ಇಷ್ಟಪಟ್ಟು ಕುಡಿಯುತ್ತೆ, ಕೊಡ್ಲಾ?

ಇಷ್ಟಪಟ್ಟು ಕುಡಿಯುತ್ತದೆ ಅನ್ನೋದೇ ಸುಳಿವು. ಅದರಲ್ಲಿ ಸಕ್ಕರೆ ಜಾಸ್ತಿ ಇರುತ್ತದೆ. ಹೆಸರು ಬಿಡಿ, ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರಿನಲ್ಲಿ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ ಇರಬೇಕು. ಅಂದರೆ 100 ಮಿಲಿಗೆ ಸಕ್ಕರೆ ಸುಮಾರು ಒಂದೂಕಾಲರಿಂದ ಒಂದೂವರೆ ಗ್ರಾಂ. ಡಬ್ಬಿಯ ಮೇಲೆ 100 ಮಿಲಿಗೆ 8, 10 ಗ್ರಾಂ ಸಕ್ಕರೆ ಅಂತ ಇದ್ದರೆ ಅದು ಬರೀ ತಂಪು ಪಾನೀಯ. ಕೋಲಾ, ಸೋಡಾ, ಆಟಗಾರರು ಕುಡಿಯುವ ಎನರ್ಜಿ ಡ್ರಿಂಕ್, ಹಣ್ಣಿನ ಜ್ಯೂಸ್ ಇವಕ್ಕೂ ಇದೇ ಮಾತು. ಭೇದಿ ಇರುವಾಗ ಇವು ಬೇಡ.

## ಕುಡಿಸುವುದು

ಒಂದು ಸಲ ಭೇದಿ ಆದರೆ ಎಷ್ಟು ಕುಡಿಸಬೇಕು?

ಮಗು ಚಟುವಟಿಕೆಯಿಂದ ಇದ್ದು, ಒಣಗಿದ ಗುರುತು ಇಲ್ಲದಿದ್ದರೆ ಲೆಕ್ಕ ಸುಲಭ. 2 ವರ್ಷದ ಒಳಗಿದ್ದರೆ ಪ್ರತಿ ಸಲ ನೀರಾಗಿ ಹೋದ ಮೇಲೆ 50ರಿಂದ 100 ಮಿಲಿ. 2 ವರ್ಷ ದಾಟಿದ್ದರೆ 100ರಿಂದ 200 ಮಿಲಿ. ಒಂದೇ ಗುಟುಕಿಗೆ ಅಲ್ಲ, ಮುಂದಿನ ಅರ್ಧ ಮುಕ್ಕಾಲು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ಬಿಡಿಸಬೇಡಿ, ಇನ್ನೂ ಜಾಸ್ತಿ ಸಲ ಕುಡಿಸಿ. ಮಧ್ಯದಲ್ಲಿ ಮಾಮೂಲಿ ನೀರು ಕೇಳಿದರೆ ಕೊಡಿ, ಆದರೆ ಓಆರ್‌ಎಸ್ ಬದಲಿಗೆ ಅಲ್ಲ.

ಕುಡಿಸಿದ್ದೆಲ್ಲ ವಾಂತಿ ಮಾಡ್ತಾನೆ. ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕುಡಿಸಿ ಏನು ಪ್ರಯೋಜನ?

ಹೇಗೆ ಕುಡಿಸಿದಿರಿ ಅಂತ ನಾನು ಮೊದಲು ಕೇಳುತ್ತೇನೆ. ಹತ್ತರಲ್ಲಿ ಎಂಟು ಜನ ಲೋಟವನ್ನೋ ಹಾಲಿನ ಬಾಟಲಿಯನ್ನೋ ತೋರಿಸುತ್ತಾರೆ. ಬಾಯಾರಿದ ಮಗು ಗಟಗಟ ಅಂತ ಅರ್ಧ ಲೋಟ ಕುಡಿಯುತ್ತದೆ, ಹಿಗ್ಗಿದ ಹೊಟ್ಟೆ ಎಲ್ಲವನ್ನೂ ಹೊರಗೆ ತಳ್ಳುತ್ತದೆ. ಅಮ್ಮ ಗಾಬರಿಯಾಗಿ ನಿಲ್ಲಿಸುತ್ತಾಳೆ.

ವಾಂತಿ ಆದ ಮೇಲೆ 10 ನಿಮಿಷ ಸುಮ್ಮನಿರಿ. ಬಾಯಿ ಒರೆಸಿ, ಮಗುವನ್ನು ತೊಡೆ ಮೇಲೆ ಸ್ವಲ್ಪ ಎತ್ತರವಾಗಿ ಕೂರಿಸಿಕೊಳ್ಳಿ. ಆಮೇಲೆ 2-3 ನಿಮಿಷಕ್ಕೆ ಒಂದು ಟೀ ಚಮಚ. ಕೇಳಿದರೂ, ಅತ್ತರೂ ಅಷ್ಟೇ. ಲೋಟವನ್ನು ಅದರ ಕಣ್ಣಿಗೆ ಬೀಳದ ಹಾಗೆ ಬಚ್ಚಿಡಿ. ಗಡಿಯಾರ ನೋಡಿಕೊಂಡು ಮಾಡಿ, ಇಲ್ಲದಿದ್ದರೆ ಮಗು ಅಳುವಾಗ ಎರಡು ನಿಮಿಷ ಅನ್ನೋದು ಅರ್ಧ ನಿಮಿಷ ಆಗಿಬಿಡುತ್ತದೆ. ಒಂದು ಚಮಚ ಅಂದರೆ ಏನು ಮಹಾ ಅನ್ನಿಸಬಹುದು. 2 ನಿಮಿಷಕ್ಕೊಂದು ಚಮಚ ಅಂದರೆ ಗಂಟೆಗೆ 150 ಮಿಲಿ ಆಯಿತು. ಅರ್ಧ ಗಂಟೆ ವಾಂತಿ ಆಗದಿದ್ದರೆ ಮೆಲ್ಲಗೆ ಜಾಸ್ತಿ ಮಾಡಿ.

ವಾಂತಿಯಲ್ಲಿ ಕುಡಿಸಿದ್ದೆಲ್ಲ ಹೋದ ಹಾಗೆ ಕಂಡರೂ ಸ್ವಲ್ಪ ಒಳಗೆ ಇಳಿದಿರುತ್ತದೆ. ಆದರೆ ಇಷ್ಟು ನಿಧಾನ ಮಾಡಿದರೂ ಪ್ರತಿ ಚಮಚವೂ ಹೊರಗೆ ಬರುತ್ತಿದ್ದರೆ ಮನೆಯಲ್ಲಿ ಹಟ ಮಾಡಬೇಡಿ, ಆಸ್ಪತ್ರೆಗೆ ಹೋಗಿ.

ಬಾಯೇ ಬಿಡಲ್ಲ, ಹಾಕಿದ್ದನ್ನ ಫುರ್ ಅಂತ ಉಗೀತಾಳೆ. ಏನು ಮಾಡೋದು?

ಮೊದಲು ಒಂದು ಸಮಾಧಾನ: ಇಷ್ಟು ಜೋರಾಗಿ ಬೇಡ ಅನ್ನುವ ಮಗು ಬಹುಶಃ ಅಷ್ಟೇನೂ ಒಣಗಿಲ್ಲ. ದೇಹದಲ್ಲಿ ನೀರು ಕಡಿಮೆಯಾದ ಮಗುವಿಗೆ ಉಪ್ಪು ನೀರೂ ರುಚಿಯಾಗಿರುತ್ತದೆ, ಚಮಚವನ್ನೇ ಹಿಡಿದು ಎಳೆಯುತ್ತದೆ. ಅತ್ತು ಕರೆದು, ಕಣ್ಣೀರು ಸುರಿಸಿ, ಮೂತ್ರವನ್ನೂ ಮಾಡುತ್ತಾ ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಸೂಜಿ ಇಲ್ಲದ 5 ಮಿಲಿ ಸಿರಿಂಜ್ ಒಳ್ಳೆಯ ಉಪಾಯ. ನಾಲಿಗೆಯ ಮೇಲೆ ಅಲ್ಲ, ಕೆನ್ನೆಯ ಒಳಭಾಗಕ್ಕೆ ಸ್ವಲ್ಪ ಸ್ವಲ್ಪ ಬಿಡಿ. ಫ್ರಿಜ್‌ನಲ್ಲಿಟ್ಟು ತಂಪು ಮಾಡಿದರೆ ಉಪ್ಪು ಅಷ್ಟು ಗೊತ್ತಾಗಲ್ಲ. ಅಮ್ಮನ ಕೈಯಲ್ಲಿ ಕುಡಿಯದ ಮಗು ಅಪ್ಪನ ಕೈಯಲ್ಲಿ ಕುಡಿದದ್ದನ್ನೂ ನೋಡಿದ್ದೇನೆ. ಮೂಗು ಹಿಡಿದು, ಮಲಗಿಸಿ ಸುರಿಯೋದು ಮಾತ್ರ ಬೇಡ, ಶ್ವಾಸಕ್ಕೆ ಹೋಗಬಹುದು.

ಒಂದು ವ್ಯತ್ಯಾಸ ಚೆನ್ನಾಗಿ ನೆನಪಿಡಿ. ಹಟದಿಂದ ಬೇಡ ಅನ್ನೋದು ಬೇರೆ, ಕುಡಿಯೋಕೆ ಶಕ್ತಿಯೇ ಇಲ್ಲದಿರೋದು ಬೇರೆ. ಚಮಚ ಬಾಯಿಗಿಟ್ಟರೂ ತುಟಿ ಆಡಿಸದೆ, ನೀರು ಬಾಯಿಯ ಪಕ್ಕದಿಂದ ಜಾರಿ ಹೋಗುತ್ತಿದ್ದರೆ ಅದು ಅಪಾಯ.

## ಒಣಗಿದ ಗುರುತು, ಒಂದು ಲೆಕ್ಕ

ದೇಹದಲ್ಲಿ ನೀರು ಕಡಿಮೆ ಆಗಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ?

ನಾವು ವಾರ್ಡಿನಲ್ಲಿ ನೋಡುವುದು ಮುಖ್ಯವಾಗಿ ನಾಲ್ಕು: ಮಗುವಿನ ಎಚ್ಚರ, ಕಣ್ಣು, ಕುಡಿಯುವ ರೀತಿ, ಹೊಟ್ಟೆಯ ಚರ್ಮ.

ಸ್ವಲ್ಪ ಒಣಗಿದ ಮಗು ಕಿರಿಕಿರಿ ಮಾಡುತ್ತದೆ, ಎತ್ತಿಕೊಂಡರೂ ಸಮಾಧಾನ ಇರಲ್ಲ. ಕಣ್ಣು ಒಳಗೆ ಹೋದಂತೆ ಕಾಣುತ್ತದೆ. ನೀರು ಕಂಡರೆ ಆಸೆಯಿಂದ ಮುಗಿಬೀಳುತ್ತದೆ. ತುಂಬಾ ಒಣಗಿದ ಮಗು ಇದಕ್ಕೆ ತದ್ವಿರುದ್ಧ, ಗಲಾಟೆಯನ್ನೇ ಮಾಡಲ್ಲ. ಮಂಕಾಗಿ ಬಿದ್ದಿರುತ್ತದೆ, ಕರೆದರೆ ತಿರುಗಲ್ಲ, ಕುಡಿಯೋಕೂ ಆಗಲ್ಲ. ಇಲ್ಲೇ ಮನೆಯವರು ಮೋಸ ಹೋಗೋದು. ಬೆಳಗ್ಗೆಯಿಂದ ಅಳ್ತಾ ಇತ್ತು, ಈಗ ಪಾಪ ಸುಮ್ನಾಗಿದೆ ಅನ್ನುತ್ತಾರೆ. ಭೇದಿ ಆಗ್ತಿರುವ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಎಬ್ಬಿಸಿ ನೋಡಿ.

ಚರ್ಮ ನೋಡುವ ರೀತಿ ಹೀಗೆ. ಮಗುವನ್ನು ಅಂಗಾತ ಮಲಗಿಸಿ. ಹೊಕ್ಕುಳಿಗೂ ಪಕ್ಕೆಗೂ ನಡುವಿನ ಜಾಗದಲ್ಲಿ, ಹೆಬ್ಬೆರಳು ತೋರುಬೆರಳಿನಿಂದ ಚರ್ಮವನ್ನು ಉದ್ದುದ್ದಕ್ಕೆ ಹಿಡಿದು ಒಂದು ಸೆಕೆಂಡ್ ಎತ್ತಿ ಬಿಡಿ. ಉಗುರು ತಾಗಿಸಬೇಡಿ. ತಟ್ಟನೆ ಕೂತರೆ ಸರಿ. ಒಂದು ಕ್ಷಣ ಮಡಿಕೆ ಕಂಡು ಆಮೇಲೆ ಕೂತರೆ ನೀರು ಕಡಿಮೆಯಾಗಿದೆ. 2 ಸೆಕೆಂಡ್ ದಾಟಿದರೂ ಮಡಿಕೆ ಹಾಗೇ ನಿಂತಿದ್ದರೆ ತೀವ್ರವಾಗಿದೆ. ತುಂಬಾ ದಪ್ಪಗಿರುವ ಮಗುವಿನಲ್ಲಿ ಇದು ಗೊತ್ತಾಗದೇ ಇರಬಹುದು, ತೀರಾ ಬಡಕಲಾದ ಮಗುವಿನಲ್ಲಿ ನೀರು ಸರಿಯಿದ್ದರೂ ನಿಧಾನವಾಗಬಹುದು. ಆದ್ದರಿಂದ ಇದೊಂದನ್ನೇ ನಂಬಬೇಡಿ. ಇನ್ನು, ಮಗುವಿನ ಕಣ್ಣು ಮೊದಲಿನಿಂದಲೂ ಹೀಗೇನಾ ಅನ್ನೋದಕ್ಕೆ ನಿಮ್ಮ ಮಾತೇ ಸಾಕ್ಷಿ, ನಮ್ಮದಲ್ಲ.

ಮೂತ್ರದ ಲೆಕ್ಕ ಭೇದಿಯ ಡಯಾಪರಿನಲ್ಲಿ ಸಿಗಲ್ಲ, ಎರಡೂ ಬೆರೆತಿರುತ್ತವೆ. ಮುಂದಿನ ಭಾಗದಲ್ಲಿ ಒಂದು ತುಂಡು ಹತ್ತಿ ಇಟ್ಟರೆ ಒದ್ದೆಯಾಯಿತಾ ಅಂತ ತಿಳಿಯುತ್ತದೆ.

ಕಣ್ಣು ಗುಳಿ ಬಿದ್ದಿದೆ, ಮಗು 10 ಕೆಜಿ ಇದೆ. ಎಷ್ಟು, ಎಷ್ಟು ಹೊತ್ತಿನಲ್ಲಿ ಕುಡಿಸಬೇಕು?

ಈ ಹಂತಕ್ಕೆ ಬಂದ ಮಗುವಿಗೆ ಆಸ್ಪತ್ರೆಯಲ್ಲೋ ಆರೋಗ್ಯ ಕೇಂದ್ರದಲ್ಲೋ ಕೂತು ಕುಡಿಸೋದು ಸರಿ, ನಡುನಡುವೆ ಯಾರಾದರೂ ನೋಡುತ್ತಿರಬೇಕು. ದಾರಿಯುದ್ದಕ್ಕೂ ಚಮಚ ಮಾತ್ರ ನಿಲ್ಲಬಾರದು. ಲೆಕ್ಕ ಇದು: ಪ್ರತಿ ಕೆಜಿ ತೂಕಕ್ಕೆ 75 ಮಿಲಿ, 4 ಗಂಟೆಯಲ್ಲಿ. 10 ಕೆಜಿಗೆ 750 ಮಿಲಿ.

ಒಂದು ದಿನದ ಕತೆ ಹೇಳಿದರೆ ಗೊತ್ತಾಗುತ್ತದೆ. 16 ತಿಂಗಳ ಹುಡುಗ, 10 ಕೆಜಿ. ರಾತ್ರಿಯಿಂದ 8 ಸಲ ಭೇದಿ, ಮೂತ್ರ ಮಾಡಿ 6 ಗಂಟೆ ಆಗಿತ್ತು. ಕಣ್ಣು ಒಳಗೆ, ಒಂದೇ ಸಮ ಕಿರಿಕಿರಿ. ಚಮಚ ತೋರಿಸಿದರೆ ನನ್ನ ಕೈಯನ್ನೇ ಹಿಡಿದು ಬಾಯಿಗೆ ಎಳೆದುಕೊಂಡ. ಚರ್ಮ ನಿಧಾನ, ಆದರೆ 2 ಸೆಕೆಂಡಿನ ಒಳಗೆ ಕೂತಿತು. ಅಮ್ಮನ ತೊಡೆ ಮೇಲೆ ಕೂರಿಸಿ, ಬೆಳಗ್ಗೆ 11ಕ್ಕೆ ಶುರು ಮಾಡಿಸಿದೆವು, 2 ನಿಮಿಷಕ್ಕೆ ಒಂದು ಚಮಚ. 11:20ಕ್ಕೆ ವಾಂತಿ. 10 ನಿಮಿಷ ಬಿಟ್ಟು, 3 ನಿಮಿಷಕ್ಕೊಂದು ಚಮಚದಂತೆ ಮತ್ತೆ. 12ರ ಹೊತ್ತಿಗೆ ಕೊಟ್ಟದ್ದು ಬರೀ 100 ಮಿಲಿ. ಅಮ್ಮನ ಮುಖ ಬಾಡಿತ್ತು.

ಆಮೇಲೆ ವಾಂತಿ ಆಗಲಿಲ್ಲ. 12ರಿಂದ 1ರ ತನಕ 5 ನಿಮಿಷಕ್ಕೆ 3 ಚಮಚ, ಅಂದರೆ 180 ಮಿಲಿ. ಅಷ್ಟರಲ್ಲಿ ಎರಡು ಸಲ ನೀರಾಗಿ ಹೋಯಿತು, "ಒಂದು ಕಡೆ ತುಂಬ್ತೀವಿ, ಇನ್ನೊಂದು ಕಡೆ ಹೋಗ್ತಿದೆ" ಅಂದಳು. 1ಕ್ಕೆ ಚಿಕ್ಕ ಬಟ್ಟಲಿಗೆ ಬದಲಾಯಿಸಿದೆವು, ಗುಟುಕು ಗುಟುಕಾಗಿ. 2ರ ಹೊತ್ತಿಗೆ ಒಟ್ಟು 500 ಮಿಲಿ, ನಡುವೆ ಎದೆಹಾಲು. 2:15ಕ್ಕೆ ಅಮ್ಮನ ಸೀರೆ ಒದ್ದೆಯಾಯಿತು. ಮೂತ್ರ! ಆ ವಾರ್ಡಿನಲ್ಲಿ ಸೀರೆ ಒದ್ದೆಯಾಗಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ. 3ಕ್ಕೆ 750 ಮಿಲಿ ಮುಗಿಯಿತು, ಹುಡುಗ ನಿದ್ದೆಗೆ ಜಾರಿದ. ಎಬ್ಬಿಸಿ ನೋಡಿದೆವು, ಕಣ್ಣು ಬಿಟ್ಟು ಸಿಟ್ಟಿನಿಂದ ಅತ್ತ. ಅದು ಒಳ್ಳೆಯ ನಿದ್ದೆ. ಎಬ್ಬಿಸಿದರೂ ಏಳದಿದ್ದರೆ ಅದು ಮಂಕು.

4 ಗಂಟೆ ಆದ ಮೇಲೆ ಮತ್ತೆ ಅದೇ ನಾಲ್ಕು ಗುರುತು ನೋಡಬೇಕು. ಸುಧಾರಿಸಿದ್ದರೆ ಊಟ ಕೊಟ್ಟು, ಪ್ರತಿ ಭೇದಿಗೆ ಇಷ್ಟು ಅನ್ನುವ ಮೊದಲಿನ ಲೆಕ್ಕಕ್ಕೆ ಹೋಗುವುದು. ಹಾಗೇ ಇದ್ದರೆ ಇನ್ನೊಂದು 4 ಗಂಟೆ. ಜಾಸ್ತಿಯಾಗಿದ್ದರೆ ಡ್ರಿಪ್. ಅಂದ ಹಾಗೆ, 750 ಅನ್ನೋದು ಮಿತಿ ಅಲ್ಲ. ಮಗು ಇನ್ನೂ ಬೇಕು ಅಂದರೆ ಕೊಡಬಹುದು.

ಕುಡಿಸ್ತಾ ಕುಡಿಸ್ತಾ ಕಣ್ಣಿನ ರೆಪ್ಪೆ ಊದಿಕೊಂಡಿದೆ. ಜಾಸ್ತಿ ಆಯ್ತಾ?

ಆಗಿರಬಹುದು. ಓಆರ್‌ಎಸ್ ನಿಲ್ಲಿಸಿ ಎದೆಹಾಲು ಅಥವಾ ಮಾಮೂಲಿ ನೀರು ಕೊಡಿ, ಮಗುವನ್ನು ತೋರಿಸಿ. ಊತ ಇಳಿದ ಮೇಲೆ ಪ್ರತಿ ಭೇದಿಗೆ ಇಷ್ಟು ಅನ್ನುವ ಲೆಕ್ಕದಲ್ಲಿ ಮುಂದುವರಿಸಬಹುದು.

ಇಷ್ಟೆಲ್ಲ ಕಷ್ಟ ಯಾಕೆ, ಒಂದು ಗ್ಲೂಕೋಸ್ ಬಾಟಲಿ ಹಾಕಿಸಿಬಿಡಬಾರದಾ?

ಕುಡಿಯಬಲ್ಲ ಮಗುವಿಗೆ ಬಾಯಿಂದ ಕೊಟ್ಟದ್ದು ಡ್ರಿಪ್‌ನಷ್ಟೇ ಕೆಲಸ ಮಾಡುತ್ತದೆ. ಸೂಜಿಯ ನೋವಿಲ್ಲ, ಸೋಂಕಿನ ಭಯವಿಲ್ಲ. ಡ್ರಿಪ್ ಬೇಕಾಗೋದು ತುಂಬಾ ಒಣಗಿದ, ಕುಡಿಯಲಾಗದ, ಎಚ್ಚರ ತಪ್ಪುತ್ತಿರುವ ಮಗುವಿಗೆ. ಅಂಥ ಮಗುವಿಗೆ ಒಂದು ನಿಮಿಷವೂ ತಡ ಮಾಡಬಾರದು. ಉಳಿದವರಿಗೆ ಚಮಚ ಸಾಕು. ಅದಕ್ಕೆ ಬೇಕಾಗೋದು ತಾಳ್ಮೆಯಿಂದ ಕೂರುವ ಒಬ್ಬರು, ಹಾಗಾಗಿ ಮನೆಯವರು ಸರದಿ ಹಾಕಿಕೊಳ್ಳಿ.

## ಊಟ, ಔಷಧಿ

ಹೊಟ್ಟೆಗೆ ರೆಸ್ಟ್ ಕೊಡಬೇಕು ಅಂತ ಅತ್ತೆ ಹೇಳ್ತಾರೆ. ಊಟ ನಿಲ್ಲಿಸ್ಲಾ?

ಅತ್ತೆಯವರ ಕಾಲದಲ್ಲಿ ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು, ಅವರ ಮೇಲೆ ಸಿಟ್ಟಾಗಬೇಡಿ. ಈಗ ಗೊತ್ತಿರೋದು ಬೇರೆ. ಕರುಳು ರಿಪೇರಿ ಆಗೋಕೆ ಆಹಾರವೇ ಬೇಕು. ಊಟ ನಿಲ್ಲಿಸಿದರೆ ತೂಕ ಇಳಿಯುತ್ತದೆ, ಅಂಥ ಮಗುವಿಗೆ ಮುಂದಿನ ಭೇದಿ ಇನ್ನೂ ಜೋರಾಗಿ ಬರುತ್ತದೆ. ಮಗು ದಿನಾ ತಿನ್ನುವ ಮೆತ್ತಗಿನ ಊಟವನ್ನೇ ಕೊಡಿ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಮಗು ಒಣಗಿದ್ದರೆ ಮಾತ್ರ ಆ 4 ಗಂಟೆ ಎದೆಹಾಲು ಬಿಟ್ಟು ಬೇರೆ ಊಟ ಬೇಡ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಊಟ ಜಾಸ್ತಿ ಕೊಡಿ, ಕಳೆದ ತೂಕ ವಾಪಸ್ ಬರುತ್ತದೆ.

ನಿಲ್ಲಿಸೋಕೆ ಒಂದು ಮಾತ್ರೆ ಕೊಟ್ಟರೆ ಏನಾಗುತ್ತೆ?

ದೊಡ್ಡವರು ತೆಗೆದುಕೊಳ್ಳುವ ಲೋಪೆರಮೈಡ್ ಥರದ ಮಾತ್ರೆ ಪುಟ್ಟ ಮಕ್ಕಳಿಗೆ ಕೊಡಲೇಬಾರದು. ಅದು ಕರುಳಿನ ಚಲನೆಯನ್ನು ತಡೆಯುತ್ತದೆ. ಹೊಟ್ಟೆ ಉಬ್ಬಿ, ಕರುಳು ನಿಂತುಹೋಗಿ, ಮಗು ಮಂಪರಿಗೆ ಜಾರಬಹುದು. ಭೇದಿ ಹೊರಗೆ ಕಾಣಲ್ಲ, ನೀರು ಮಾತ್ರ ಕರುಳಿನೊಳಗೆ ಸೋರುತ್ತಲೇ ಇರುತ್ತದೆ. ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡಲ್ಲ, ಅದು ರಕ್ತ ಭೇದಿ, ಕಾಲರಾ ಇಂಥವಕ್ಕೆ, ಡಾಕ್ಟರ್ ಹೇಳಿದರೆ ಮಾತ್ರ.

ಕೊಡಬೇಕಾದ ಒಂದು ಔಷಧಿ ಇದೆ, ಜಿಂಕ್. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೊಮ್ಮೆ 20 ಮಿಲಿಗ್ರಾಂ, 10ರಿಂದ 14 ದಿನ. ಡಾಕ್ಟರನ್ನು ಕೇಳಿ ಶುರು ಮಾಡಿ. ನೀರಲ್ಲಿ ಕರಗುವ ಮಾತ್ರೆ ಸಿಗುತ್ತದೆ, ಒಂದು ಚಮಚ ನೀರಲ್ಲೋ ಎದೆಹಾಲಲ್ಲೋ ಕರಗಿಸಿ ಕುಡಿಸಬಹುದು. ಮೂರನೇ ದಿನ ಭೇದಿ ನಿಂತ ಕೂಡಲೇ ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ ಅದರ ಅರ್ಧ ಲಾಭ ಇರೋದು ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸದಂತೆ ತಡೆಯೋದರಲ್ಲಿ, ಹಾಗಾಗಿ ದಿನ ಮುಗಿಸಿ.

## ಯಾವಾಗ ಓಡಬೇಕು

ಯಾವ ಗುರುತು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಮಂಕು, ಎಬ್ಬಿಸಿದರೂ ಏಳದಿರೋದು, ಕುಡಿಯಲಾಗದಿರೋದು, ಫಿಟ್ಸ್: ಈ ನಾಲ್ಕರಲ್ಲಿ ಒಂದು ಕಂಡರೂ ಅದೇ ಕ್ಷಣ. ಕೈಕಾಲು ತಣ್ಣಗಾಗಿದ್ದರೆ, 6-8 ಗಂಟೆ ಮೂತ್ರವೇ ಇಲ್ಲದಿದ್ದರೆ, ಉಸಿರು ವೇಗವಾಗಿ ಆಳವಾಗಿ ಬರುತ್ತಿದ್ದರೂ ಹಾಗೇ.

ಇನ್ನು ಕೆಲವು ಗುರುತುಗಳು ಇದು ಮಾಮೂಲಿ ಭೇದಿ ಅಲ್ಲ ಅಂತ ಹೇಳುತ್ತವೆ. ಮಲದಲ್ಲಿ ರಕ್ತ ಬಂದರೆ ಅದೇ ದಿನ ತೋರಿಸಿ. ವಾಂತಿ ಹಸಿರು ಬಣ್ಣಕ್ಕಿದ್ದರೆ, ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಮಗು ಇದ್ದಕ್ಕಿದ್ದಂತೆ ಕಾಲು ಮಡಚಿಕೊಂಡು ಕಿರುಚಿ, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಹಾಗೇ ಕಿರುಚುತ್ತಿದ್ದರೆ, ಕೆಂಪು ಜೆಲ್ಲಿಯಂಥ ಮಲ ಹೋದರೆ, ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಂಡಿರುವ ಸಾಧ್ಯತೆ ಇದೆ. ಇದಕ್ಕೆ ಓಆರ್‌ಎಸ್ ಪರಿಹಾರ ಅಲ್ಲ. ರಕ್ತ ಭೇದಿ ಆಗಿ ಕೆಲವು ದಿನದ ಮೇಲೆ ಮಗು ಬಿಳಿಚಿಕೊಂಡು, ಮೂತ್ರ ಕಡಿಮೆಯಾದರೆ ಕಿಡ್ನಿಯನ್ನು ಪರೀಕ್ಷೆ ಮಾಡಿಸಬೇಕು.

ಹೊರಡುವಾಗ ಮೂರು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಎಷ್ಟು ಸಲ ಭೇದಿ ವಾಂತಿ ಆಯಿತು, ಏನೇನು ಎಷ್ಟು ಕುಡಿಸಿದಿರಿ. ಗಾಬರಿಯಲ್ಲಿ ಎಲ್ಲರೂ ಮರೆಯುವುದು ಮೊದಲನೆಯದನ್ನೇ.

ಎರಡು ವಾರ ಆಯ್ತು, ಮಗು ಆಡ್ತಾ ಇದೆ, ಆದರೆ ಇನ್ನೂ ತೆಳ್ಳಗೇ ಹೋಗ್ತಿದೆ. ಓಆರ್‌ಎಸ್ ಮುಂದುವರಿಸ್ಲಾ?

14 ದಿನ ದಾಟಿದರೆ ಅದು ಬೇರೆ ಲೆಕ್ಕ, ಮನೆಯಲ್ಲಿ ಕಾಯಬೇಡಿ. ಭೇದಿ ಆಗಿ ಕರುಳಿನ ಒಳಪದರ ಸವೆದಾಗ ಹಾಲಿನ ಸಕ್ಕರೆ ಕೆಲ ದಿನ ಜೀರ್ಣವಾಗದೇ ಇರಬಹುದು. ಹಾಗಾದರೆ ಹಾಲು ಕುಡಿದ ಮೇಲೆ ಹೊಟ್ಟೆ ಉಬ್ಬುತ್ತದೆ, ನೊರೆ ನೊರೆಯಾಗಿ ಹುಳಿ ವಾಸನೆಯ ಮಲ ಹೋಗುತ್ತದೆ, ಹಿಂಭಾಗ ಕೆಂಪಾಗುತ್ತದೆ. ಬೇರೆ ಸೋಂಕೂ ಇರಬಹುದು. ಹಾಲು ಬಿಡಿಸಬೇಕಾ, ಎಷ್ಟು ದಿನ ಅನ್ನೋದನ್ನು ಡಾಕ್ಟರ್ ತೂಕ ನೋಡಿ ಹೇಳಲಿ. ನೀವಾಗಿ ಬಿಡಿಸಬೇಡಿ, ಎದೆಹಾಲನ್ನಂತೂ ಬೇಡವೇ ಬೇಡ. ನೀರಾಗಿ ಹೋಗುತ್ತಿರುವ ತನಕ, ತೋರಿಸುವವರೆಗೆ, ಪ್ರತಿ ಸಲಕ್ಕೂ ಓಆರ್‌ಎಸ್ ಕೊಡುತ್ತಿರಿ. ಹೋಗುವಾಗ ಮಗುವಿನ ಹಳೆಯ ತೂಕ ಬರೆದಿರುವ ಕಾರ್ಡ್ ತೆಗೆದುಕೊಂಡು ಹೋಗಿ.